ಮೊಟ್ಟೆ ಟ್ರೇ ಒಲೆಗೆ ಹಾಕಬೇಡಿ: ಹುಲಿಯೂರುದುರ್ಗ ಹೋಬಳಿಯ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಬಹಿರಂಗ ಪತ್ರ



ಕುಣಿಗಲ್, ಗುಬ್ಬಿ ಕಡೆಯ ಮೇಷ್ಟ್ರು, ಟೀಚರುಗಳು ಈ ಪತ್ರವನ್ನು ಓದಿದರೂ ನನಗೆ ಸಂತೋಷವೇ. ಆದರೆ ನಾನು ಹುಟ್ಟಿ ಬೆಳೆದದ್ದು, ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾಗಿ ಈಗ ಇರುವುದು ಇದೇ ದುರ್ಗದ ಬೆಟ್ಟದ ಬುಡದಲ್ಲಿ. ಹಾಗಾಗಿ ಮೊದಲು ನಿಮ್ಮನ್ನೇ ಕೇಳಿಕೊಳ್ಳುತ್ತಿದ್ದೇನೆ. ಪ್ರಾಥಮಿಕ ಶಾಲೆಗಳಲ್ಲಿ ಚಿತ್ರಕಲೆಗೆಂದೇ ಒಬ್ಬ ಶಿಕ್ಷಕರು ಇರುವುದು ಅಪರೂಪ. ಕನ್ನಡ, ಗಣಿತ, ಪರಿಸರ ಅಧ್ಯಯನ ಎಲ್ಲವನ್ನೂ ಹೊತ್ತ ನೀವೇ ಕಲೆಯನ್ನೂ ಹೊರಬೇಕು. ಅದು ಗೊತ್ತಿದ್ದೇ ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮ ಹೊರೆ ಹೆಚ್ಚಿಸುವ ಉದ್ದೇಶ ನನಗಿಲ್ಲ.

ವಿಷಯ ‘ಕಸದಿಂದ ರಸ’. ನಮ್ಮ ಶಾಲೆಗಳಲ್ಲಿ ಅದು ನಡೆಯುವ ಕ್ರಮ ನಿಮಗೆ ಗೊತ್ತೇ ಇದೆ. ‘ನಾಳೆ ಕಸದಿಂದ ರಸ ಮಾಡಿಕೊಂಡು ಬನ್ನಿ’ ಎಂದು ಡೈರಿಯಲ್ಲಿ ಒಂದು ಸಾಲು ಹೋಗುತ್ತದೆ. ಅವತ್ತು ಸಂಜೆ ಅಪ್ಪಂದಿರು ಸ್ಟೇಷನರಿ ಅಂಗಡಿಗೆ ಓಡುತ್ತಾರೆ. ಮಿನುಗು ಪುಡಿ, ಥರ್ಮಾಕೋಲ್ ಹಾಳೆ, ಹೊಳೆಯುವ ಟೇಪು, ದೊಡ್ಡ ಗೋಂದಿನ ಡಬ್ಬಿ ಮನೆಗೆ ಬರುತ್ತವೆ. ರಾತ್ರಿ ಹತ್ತರವರೆಗೆ ಅಮ್ಮ ಕೂತು ನೀರಿನ ಬಾಟಲಿಯನ್ನು ಹೂದಾನಿ ಮಾಡುತ್ತಾಳೆ, ಮಗು ಪಕ್ಕದಲ್ಲಿ ತೂಕಡಿಸುತ್ತದೆ. ಮಾರನೇ ದಿನ ಅದು ಶಾಲೆಯ ಮೇಜಿನ ಮೇಲೆ ನಿಂತು ಚಪ್ಪಾಳೆ ಗಿಟ್ಟಿಸುತ್ತದೆ. ಹದಿನೈದು ದಿನ ಕಳೆದರೆ ಅದೇ ಹೂದಾನಿ ಶಾಲೆಯ ಹಿಂದಿನ ಗುಂಡಿಯಲ್ಲಿ ಬಿದ್ದಿರುತ್ತದೆ.

ಬರಿಯ ನೀರಿನ ಬಾಟಲಿಗೆ ಗುಜರಿ ಅಂಗಡಿಯಲ್ಲಿ ಬೆಲೆ ಇದೆ. ಅದನ್ನು ಕರಗಿಸಿ ಮತ್ತೆ ಬಳಸುತ್ತಾರೆ. ಅದಕ್ಕೇ ಬಟ್ಟೆ, ಗೋಂದು, ಮಿನುಗು, ಥರ್ಮಾಕೋಲ್ ಮೆತ್ತಿದ ಮೇಲೆ ಗುಜರಿಯವರು ಮುಟ್ಟುವುದಿಲ್ಲ, ಮಣ್ಣೂ ಅರಗಿಸಿಕೊಳ್ಳುವುದಿಲ್ಲ. ಎರಡು ಬೇರೆ ಬೇರೆ ಜಾತಿಯ ವಸ್ತುಗಳನ್ನು ಬಿಡಿಸಲಾಗದಂತೆ ಅಂಟಿಸಿದಾಗ ಎರಡೂ ಕೆಡುತ್ತವೆ. ಮಗುವಿಗೆ ನಾವು ಹೇಳಿಕೊಡಬೇಕಾದ ಮೊದಲ ಪಾಠವೇ ಇದು. ಡೈರಿಯ ಆ ಒಂದು ಸಾಲು ಇದರ ತದ್ವಿರುದ್ಧವನ್ನು ಕಲಿಸುತ್ತಿದೆ.

ಹಾಗಾದರೆ ಏನು ಮಾಡಬಹುದು? ಮನೆಯಿಂದ ಕಸ ತರಿಸುವುದನ್ನು ಬಿಟ್ಟು ನಿಮ್ಮ ಶಾಲೆಯದೇ ಕಸವನ್ನು ನೋಡಿ ಎಂಬುದು ನನ್ನ ವಿನಂತಿ. ಬಿಸಿಯೂಟದ ಕೋಣೆಯ ಮೂಲೆಯಲ್ಲಿ ಮೊಟ್ಟೆ ಟ್ರೇಗಳು ಒಂದರ ಮೇಲೊಂದು ಏರಿರುತ್ತವೆ. 2024ರ ಸೆಪ್ಟೆಂಬರಿನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಯೋಜನೆ ಶುರುವಾದ ಮೇಲೆ ಈ ರಾಶಿ ಬೇಗ ಬೇಗ ಬೆಳೆಯುತ್ತಿದೆ. ಲೆಕ್ಕ ಹಾಕಿ ನೋಡಿ. ಬಾಳೆಹಣ್ಣು ತೆಗೆದುಕೊಳ್ಳುವ ಮಕ್ಕಳನ್ನು ಬಿಟ್ಟು ನಲವತ್ತೈದು ಮಕ್ಕಳು ಮೊಟ್ಟೆ ತಿನ್ನುವ ಶಾಲೆಯಲ್ಲಿ ಆರು ದಿನಕ್ಕೆ 270 ಮೊಟ್ಟೆ. ಒಂದು ಟ್ರೇಗೆ 30 ಮೊಟ್ಟೆಯಂತೆ ವಾರಕ್ಕೆ 9 ಟ್ರೇ. ಮೊಟ್ಟೆಯವರು ಟ್ರೇ ವಾಪಸ್ ಕೇಳಿದರೆ ದಯವಿಟ್ಟು ಕೊಟ್ಟುಬಿಡಿ. ಇನ್ನೊಮ್ಮೆ ಮೊಟ್ಟೆ ತುಂಬುವುದೇ ಅದಕ್ಕೆ ಒಳ್ಳೆಯ ಗತಿ. ಕೇಳದಿದ್ದರೆ ಅದು ಒಲೆಗೆ ಹೋಗುತ್ತದೆ, ಇಲ್ಲವೇ ಸಂಜೆ ಸೊಳ್ಳೆ ಓಡಿಸಲು ಹೊಗೆಯಾಗುತ್ತದೆ. ನಾನು ಕೇಳುತ್ತಿರುವುದು ಈ ಟ್ರೇಗಳನ್ನು.

ಕಲೆಯ ಕೆಲಸಕ್ಕೆ ಇದಕ್ಕಿಂತ ಸುಲಭದ ಸಾಮಗ್ರಿ ಸಿಗುವುದು ಕಷ್ಟ. ಟ್ರೇ ಎಂದರೆ ಹಳೆಯ ಕಾಗದವನ್ನು ನೀರಿನಲ್ಲಿ ಕಲಸಿ, ಅಚ್ಚಿನಲ್ಲಿ ಒತ್ತಿ ಒಣಗಿಸಿದ್ದು. ರಾತ್ರಿ ನೆನೆಹಾಕಿದರೆ ಬೆಳಿಗ್ಗೆ ಕೈಯಲ್ಲೇ ಕರಗುತ್ತದೆ. ಯಂತ್ರ ಬೇಡ, ಮಿಕ್ಸಿ ಬೇಡ. ಈ ವಿದ್ಯೆ ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಹಳೆಯ ಕಾಗದ ನೆನೆಸಿ, ಮೆಂತ್ಯ ಸೇರಿಸಿ, ಒರಳಿನಲ್ಲಿ ಕುಟ್ಟಿ ಬಿದಿರಿನ ಮೊರಕ್ಕೆ ಬಳಿಯುತ್ತಿದ್ದರು, ಕಾಳು ಹಾಕಿಡುವ ಬುಟ್ಟಿ ಮಾಡುತ್ತಿದ್ದರು. ಮೆಂತ್ಯ ಅಂಟೂ ಆಗುತ್ತಿತ್ತು, ಹುಳ ಬಾರದಂತೆಯೂ ನೋಡಿಕೊಳ್ಳುತ್ತಿತ್ತು. ಅತ್ತ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹುಣಸೆ ಬೀಜದ ಗೋಂದಿಗೆ ಚಿಂದಿಯ ಪುಡಿ ಕಲಸಿದ ಕಿಟ್ಟದಿಂದ ಮರದ ಗೊಂಬೆಗಳ ಸಂದು ಮುಚ್ಚಿ ಮೈ ತಿದ್ದುತ್ತಾರೆ. ಹುಣಸೆ ನಮ್ಮ ತುಮಕೂರು ಸೀಮೆಯಲ್ಲಿ ಹುಡುಕಿಕೊಂಡು ಹೋಗುವ ಪದಾರ್ಥವೇನಲ್ಲ. ಹಣ್ಣು ಕುಟ್ಟಿದ ಮನೆಗಳಲ್ಲಿ ಬೀಜ ಕೊಟ್ಟೆಗಟ್ಟಲೆ ಬಿದ್ದಿರುತ್ತದೆ.

ಇನ್ನು ಕೆಲಸದ ಕ್ರಮ. ಇದನ್ನು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಡುವೆ ಒಂದು ಹೆಜ್ಜೆ ಬಿಟ್ಟರೆ ಬಟ್ಟಲು ಬಿರಿಯುತ್ತದೆ, ಇಲ್ಲವೇ ಬೂಷ್ಟು ಹಿಡಿಯುತ್ತದೆ.

ಮೊದಲು ಶುಚಿ. ಹಸಿ ಮೊಟ್ಟೆ ತಾಗಿದ ಟ್ರೇಯಲ್ಲಿ ಹೊಟ್ಟೆ ಕೆಡಿಸುವ ರೋಗಾಣು ಇರಬಹುದು. ಮೊಟ್ಟೆ ಒಡೆದು ಲೋಳೆ ಹಿಡಿದ ಟ್ರೇಯನ್ನು ಆರಿಸಿ ನೇರವಾಗಿ ಗೊಬ್ಬರದ ಗುಂಡಿಗೆ ಹಾಕಿ. ಚೊಕ್ಕಟವಾಗಿರುವುದನ್ನೂ ಒಂದು ದಿನ ಬಿಸಿಲಿಗೆ ಹಾಕಿ, ಅಂಗುಲದಗಲ ಚೂರು ಮಾಡಿ, ಅಡುಗೆಗೆ ಬಳಸದ ಒಂದು ಹಳೆಯ ಪಾತ್ರೆಯಲ್ಲಿ ಹತ್ತು ನಿಮಿಷ ಕುದಿಸಬೇಕು. ಚೂರು ಮಾಡುವುದನ್ನೂ ಕುದಿಸುವುದನ್ನೂ ದೊಡ್ಡವರೇ ಮಾಡಬೇಕು. ಹಾಗೆಯೇ ಮುಚ್ಚಿಟ್ಟರೆ ಬೆಳಿಗ್ಗೆ ತಣ್ಣಗಾಗಿ ಮಕ್ಕಳ ಕೈಗೆ ಸಿದ್ಧ. ಕೆಲಸ ಮುಗಿದ ಮೇಲೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಬೇಕು, ಅದರಲ್ಲಿ ರಿಯಾಯಿತಿ ಇಲ್ಲ.

ಮಕ್ಕಳು ಅದನ್ನು ಅಂಗೈಗಳ ನಡುವೆ ಉಜ್ಜಿ ಉಜ್ಜಿ ತಿರುಳು ಮಾಡುತ್ತಾರೆ. ಒಂದನೇ, ಎರಡನೇ ತರಗತಿಯವರಿಗೆ ಇದಕ್ಕಿಂತ ಇಷ್ಟದ ಕೆಲಸ ಇನ್ನೊಂದಿಲ್ಲ. ನಲಿ–ಕಲಿ ಕೋಣೆಯಲ್ಲಿ ಅರ್ಧ ಗಂಟೆ ಸದ್ದೇ ಇರುವುದಿಲ್ಲ. ಹದ ಬಂತೋ ಇಲ್ಲವೋ ತಿಳಿಯಲು ಒಂದು ಚಿಟಿಕೆ ತಿರುಳನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ. ನೀರೆಲ್ಲ ಒಂದೇ ಸಮ ಮೋಡ ಕವಿದಂತಾದರೆ ಸರಿ. ಚೂರುಗಳು ತೇಲಿದರೆ ಇನ್ನೂ ಉಜ್ಜಬೇಕು. ಆಮೇಲೆ ಹಳೆಯ ಪಂಚೆಯ ಬಟ್ಟೆಯಲ್ಲಿ ಕಟ್ಟಿ, ನೀರು ತೊಟ್ಟಿಕ್ಕುವುದು ನಿಲ್ಲುವವರೆಗೆ ಹಿಂಡಬೇಕು.

ಗೋಂದಿಗೆ ಹುಣಸೆ ಬೀಜವನ್ನು ಸಿಪ್ಪೆ ಬಿರಿಯುವಂತೆ ಹುರಿದು, ಸಿಪ್ಪೆ ಬಿಡಿಸಿ ಬಿಳಿಯ ಬೇಳೆಯನ್ನು ಗಿರಣಿಯಲ್ಲಿ ಪುಡಿ ಮಾಡಿಸಿಕೊಳ್ಳಿ. ಐವತ್ತು ಗ್ರಾಂ ಪುಡಿಗೆ ಮುಕ್ಕಾಲು ಲೀಟರ್ ನೀರು. ಪುಡಿಯನ್ನು ಮೊದಲು ತಣ್ಣೀರಿನಲ್ಲೇ ಕದಡಿ, ಆಮೇಲೆ ಒಲೆಗೆ ಇಡಬೇಕು. ಬಿಸಿ ನೀರಿಗೆ ಸುರಿದರೆ ಗಂಟು ಕಟ್ಟಿ ಮತ್ತೆ ಒಡೆಯುವುದಿಲ್ಲ. ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಕೈಯಾಡಿಸಿದರೆ ಮಂದವಾಗಿ ಎಳೆ ಎಳೆಯಾಗಿ ಬೀಳುತ್ತದೆ. ಇದು ಎರಡು ಮೂರು ದಿನಕ್ಕೆ ಹುಳಿ ವಾಸನೆ ಬಂದು ಕೆಡುವುದರಿಂದ ಬೇಕಾದಷ್ಟೇ ಮಾಡಿಕೊಳ್ಳಿ. ಹಿಂಡಿದ ತಿರುಳು ನಾಲ್ಕು ಹಿಡಿಯಾದರೆ ಗೋಂದು ಒಂದು ಹಿಡಿ, ಒಂದು ಟ್ರೇಗೆ ಎರಡು ಚಮಚ ಮೆಂತ್ಯದ ಪುಡಿ. ನಾದಿದರೆ ರಾಗಿ ಮುದ್ದೆಯ ಹದಕ್ಕೆ ಬರಬೇಕು: ಉಂಡೆ ಕಟ್ಟಿದಾಗ ಬಿರುಕು ಬಿಡಬಾರದು, ಕೈಗೆ ಮೆತ್ತಿಕೊಳ್ಳಲೂ ಬಾರದು.

ಅಚ್ಚಿಗೆ ತೆಂಗಿನ ಚಿಪ್ಪು ಇದೆಯಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ, ದಯವಿಟ್ಟು ಗಮನಿಸಿ. ಬಹಳ ಜನ ಬಟ್ಟಲನ್ನು ಬೋರಲು ಹಾಕಿ ಅದರ ಮೇಲೆ ತಿರುಳು ಮೆತ್ತುತ್ತಾರೆ. ಕಾಗದದ ತಿರುಳು ಒಣಗುತ್ತಾ ಕುಗ್ಗುತ್ತದೆ. ಒಳಗೆ ಗಟ್ಟಿ ಅಚ್ಚಿದ್ದರೆ ಕುಗ್ಗಲು ಜಾಗವಿಲ್ಲದೆ ಬಿರಿಯುತ್ತದೆ. ಅದೇ ಚಿಪ್ಪಿನ ಒಳಗೆ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ತಿರುಳು ಒತ್ತಿದರೆ, ಕುಗ್ಗಿದ ಹಾಗೆ ಅದು ತಾನಾಗಿಯೇ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಒಂದು ಟ್ರೇಯ ತಿರುಳಿಗೆ ಎರಡು ಚಿಪ್ಪಿನ ಬಟ್ಟಲು ಆಗುತ್ತವೆ. ದಪ್ಪ ಎಲ್ಲ ಕಡೆ ಅರ್ಧ ಸೆಂಟಿಮೀಟರ್ ಇರಬೇಕು. ತೆಂಗಿನ ಪೊರಕೆಯ ಕಡ್ಡಿಗೆ ಆ ಅಳತೆಯಲ್ಲಿ ಪೆನ್ನಿನ ಗೆರೆ ಎಳೆದುಕೊಟ್ಟರೆ ಮಕ್ಕಳೇ ಅಲ್ಲಲ್ಲಿ ಚುಚ್ಚಿ ನೋಡಿಕೊಳ್ಳುತ್ತಾರೆ, ರಂಧ್ರವನ್ನು ಹೆಬ್ಬೆರಳಿನಿಂದ ಮುಚ್ಚುತ್ತಾರೆ.

ಮೊದಲ ದಿನ ನೆರಳಿನಲ್ಲಿ ಇಡಿ. ಹೊಸದಾಗಿ ಒತ್ತಿದ್ದನ್ನು ನೇರ ಬಿಸಿಲಿಗೆ ಹಾಕಿದರೆ ಮೇಲ್ಮೈ ಮೊದಲು ಬಿಗಿದು ಸೀಳುತ್ತದೆ. ಮರುದಿನ ಚಿಪ್ಪಿನಿಂದ ತೆಗೆದು ಬಿಸಿಲಿಗೆ. ಪೂರ್ತಿ ಒಣಗಲು ಮೂರರಿಂದ ಐದು ದಿನ ಬೇಕು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ನಮ್ಮ ಕಡೆ ಇದಕ್ಕೆ ಹೇಳಿ ಮಾಡಿಸಿದ ಕಾಲ. ಮಳೆಗಾಲದಲ್ಲಿ ಹೊಸ ತಿರುಳಿನ ಕೆಲಸಕ್ಕೆ ಕೈ ಹಾಕಬೇಡಿ, ಬೂಷ್ಟು ಹಿಡಿದರೆ ಗೊಬ್ಬರಕ್ಕೆ ಹಾಕುವುದು ಬಿಟ್ಟು ಬೇರೆ ದಾರಿ ಇಲ್ಲ. ಒಳಗಿನ ತೇವ ಹೋಗಿದೆಯೇ ಎಂದು ತಿಳಿಯಲು ಕೆನ್ನೆಗೆ ಮುಟ್ಟಿಸಿ ನೋಡಿ; ತಣ್ಣಗಿದ್ದರೆ ಇನ್ನೂ ನೀರಿದೆ. ನಾಲ್ಕು, ಐದನೇ ತರಗತಿಗೆ ಇನ್ನೂ ಒಳ್ಳೆಯ ಉಪಾಯವಿದೆ. ಚಿಕ್ಕ ತಕ್ಕಡಿಯಲ್ಲಿ ದಿನಾ ಬಟ್ಟಲು ತೂಗಿ ಬರೆದಿಡಲಿ. ಒಂದು ದಿನದಿಂದ ಇನ್ನೊಂದು ದಿನಕ್ಕೆ ತೂಕ ಇಳಿಯದೇ ಹೋದಾಗ ಒಣಗಿತು ಎಂದರ್ಥ. ನಿಮ್ಮ ಗಣಿತದ ಸ್ತಂಭಾಲೇಖಕ್ಕೆ ಅಂಕಿಗಳು ಅಲ್ಲೇ ಸಿಕ್ಕವು.

ಇಷ್ಟು ಕರಕುಶಲವಾಯಿತು. ವಿನ್ಯಾಸ ಇನ್ನೂ ಶುರುವಾಗಿಲ್ಲ. ಹೋಬಳಿಯ ಒಂದು ಶಾಲೆಯಲ್ಲಿ ಐದನೇ ತರಗತಿಯ ಮಕ್ಕಳ ಜೊತೆ ಕೂತು ನಾನು ಕಂಡದ್ದನ್ನು ಹೇಳಿದರೆ ನನ್ನ ಮಾತು ಸ್ಪಷ್ಟವಾಗುತ್ತದೆ. ‘ಬಟ್ಟಲು ಮಾಡಿ’ ಎಂದು ಅವರಿಗೆ ಹೇಳಿರಲಿಲ್ಲ. ‘ನಿಮ್ಮ ಕ್ಲಾಸಿನಲ್ಲಿ ಯಾವ ವಸ್ತು ದಿನಾ ಬಿದ್ದು ಹಾಳಾಗುತ್ತೆ?’ ಎಂದು ಅವರ ಟೀಚರು ಕೇಳಿದರು. ಚಾಕ್‌ಪೀಸು ಎಂದು ಉತ್ತರ ಬಂತು. ಮೇಜಿನಿಂದ ಉರುಳಿ ತುಂಡಾಗುತ್ತದೆ, ತುಂಡನ್ನು ಯಾರೋ ತುಳಿಯುತ್ತಾರೆ. ಚಾಕ್‌ಪೀಸಿಗೆ ಮನೆ ಬೇಕು ಎಂದು ತೀರ್ಮಾನವಾಯಿತು. ಚಿಪ್ಪಿನಲ್ಲಿ ಒತ್ತಿದ ಬಟ್ಟಲುಗಳು ಒಣಗಿ ಮೇಜಿನ ಮೇಲೆ ಬಂದಾಗ ಎಲ್ಲವೂ ಉರುಳಾಡಿದವು. ತಳ ಗುಂಡಗಿತ್ತಲ್ಲ! ಟೀಚರು ಪರಿಹಾರ ಹೇಳಲಿಲ್ಲ, ಸುಮ್ಮನಿದ್ದರು. ಆ ಸುಮ್ಮನಿರುವಿಕೆಯನ್ನು ನಾನು ಬಹಳ ಮೆಚ್ಚಿದೆ.

ಒಬ್ಬ ಹುಡುಗ ತಳವನ್ನು ಕಲ್ಲಿಗೆ ಉಜ್ಜಿ ಚಪ್ಪಟೆ ಮಾಡಲು ಹೋಗಿ ತೂತು ಮಾಡಿಕೊಂಡ. ಇನ್ನೊಬ್ಬಳು ‘ನಮ್ಮಜ್ಜಿ ಬಿಂದಿಗೆ ಕೆಳಗೆ ಸಿಂಬಿ ಇಡ್ತಾಳೆ’ ಎಂದಳು. ಅಲ್ಲಿಂದ ದಾರಿ ತೆರೆಯಿತು. ತಿರುಳನ್ನು ಹೊಸೆದು ಸಿಂಬಿಯಂತೆ ಸುತ್ತಿ ತಳಕ್ಕೆ ಕೂರಿಸಿದರು. ಒಣಗಿದ ಬಟ್ಟಲಿಗೆ ಹಸಿ ತಿರುಳು ಹಾಗೆಯೇ ಅಂಟದು, ಕಳಚಿ ಬಿತ್ತು. ಅಂಟಿಸುವ ಜಾಗವನ್ನು ಒದ್ದೆ ಮಾಡಿ, ಮೊಳೆಯಿಂದ ಗೀರಿ, ಗೋಂದು ಸವರಿ ಕೂರಿಸಿದಾಗ ನಿಂತಿತು. ಮತ್ತೊಂದು ಗುಂಪು ಕಾಲು ಮಾಡಿತು. ನಾಲ್ಕು ಕಾಲಿನ ಬಟ್ಟಲು ಆ ಹಳೆಯ ಮೇಜಿನ ಮೇಲೆ ಕುಂಟುತ್ತಿತ್ತು, ಮೂರು ಕಾಲಿನದು ಎಲ್ಲಿಟ್ಟರೂ ಕುಂಟಲಿಲ್ಲ. ಯಾಕೆ ಎಂದು ಮಕ್ಕಳು ಊಟದ ಬೆಲ್ಲು ಹೊಡೆದರೂ ವಾದ ಮಾಡುತ್ತಿದ್ದರು. ಒಲೆಗೆ ಮೂರೇ ಗುಂಡು ಯಾಕೆ ಇಡುತ್ತಾರೆ ಎಂಬುದೂ ಆ ವಾದದಲ್ಲಿ ಬಂತು.

ಅದೇ ತರಗತಿಯ ಒಬ್ಬ ಹುಡುಗಿಯ ಬಟ್ಟಲು ಎರಡನೇ ದಿನವೇ ಅಂಚಿನ ಕೆಳಗೆ ಸುತ್ತಲೂ ಬಿರಿಯಿತು. ಅಳು ನುಂಗಿಕೊಂಡು ತಂದು ತೋರಿಸಿದಳು. ‘ಎಲ್ಲಿ ದಪ್ಪ, ಎಲ್ಲಿ ತೆಳ್ಳಗೆ, ಬೆರಳಿಟ್ಟು ನೋಡವ್ವ’ ಎಂದೆ. ತಳ ಒಂದಂಗುಲ ದಪ್ಪವಿತ್ತು, ಅಂಚು ಹಪ್ಪಳದಷ್ಟು. ಅಂಚು ಬೇಗ ಒಣಗಿ ಕುಗ್ಗಿತ್ತು, ತಳ ಇನ್ನೂ ಹಸಿಯಾಗಿ ಹಾಗೇ ನಿಂತಿತ್ತು. ಎರಡೂ ಎಳೆದಾಡಿ ನಡುವೆ ಸೀಳು ಬಿಟ್ಟಿತ್ತು. ಅವಳು ಅದನ್ನು ಮುರಿದು ಮತ್ತೆ ನೀರಿಗೆ ಹಾಕಿದಳು. ಹುಣಸೆ ಗೋಂದಿನ ಕೆಲಸದಲ್ಲಿ ಇದೊಂದು ದೊಡ್ಡ ಅನುಕೂಲ: ಮಾರನೇ ದಿನಕ್ಕೆ ಎಲ್ಲ ಕರಗಿ ಮತ್ತೆ ತಿರುಳಾಯಿತು, ಒಂದಿಷ್ಟು ಹೊಸ ಗೋಂದು ಸೇರಿಸಿದರೆ ಮುಗಿಯಿತು. ಅಂಗಡಿಯ ಬಿಳಿ ಗೋಂದು ಹಾಕಿದ್ದರೆ ಇಷ್ಟು ಸಲೀಸಾಗಿ ಕರಗುತ್ತಿರಲಿಲ್ಲ. ಎರಡನೇ ಸಲ ಅವಳು ಪೊರಕೆ ಕಡ್ಡಿಯನ್ನು ಕೈಯಿಂದ ಬಿಡಲೇ ಇಲ್ಲ.

ಇದೇ ತಿರುಳಿನಿಂದ ಸಮಾಜ ಪಾಠಕ್ಕೆ ದುರ್ಗದ ಬೆಟ್ಟ, ಕೋಟೆ, ಕೆರೆ, ಪೇಟೆಯ ಉಬ್ಬು ನಕ್ಷೆ ಮಾಡಬಹುದು. ರಟ್ಟಿನ ಮೇಲೆ ಹಸಿ ತಿರುಳು ಮೆತ್ತಿದರೆ ಒಣಗುವಾಗ ರಟ್ಟು ಬಿಲ್ಲಿನಂತೆ ಬಾಗುತ್ತದೆ. ರಟ್ಟಿನ ಹಿಂಬದಿಗೂ ಎರಡು ಪದರ ಕಾಗದ ಅಂಟಿಸಿದರೆ ಎಳೆತ ಸಮವಾಗಿ ನೆಟ್ಟಗೆ ನಿಲ್ಲುತ್ತದೆ. ಮುಖವಾಡವೂ ಚೆನ್ನಾಗಿ ಬರುತ್ತದೆ. ಹುಲಿ, ಕರಡಿ, ಕೋತಿ ಏನು ಬೇಕಾದರೂ ಮಾಡಿಸಿ. ನಮ್ಮ ಸೀಮೆಯ ಸೋಮನ ಮುಖವನ್ನು ಮಾತ್ರ ಆಟಕ್ಕೆ ಮಾಡಿಸಬೇಡಿ. ಅದು ಊರವರು ಪೂಜಿಸುವ ಮುಖ. ಸೋಮನ ಕುಣಿತದವರನ್ನೇ ಶಾಲೆಗೆ ಕರೆದು ಮುಖದ ಕೆತ್ತನೆ, ಬಣ್ಣ ತೋರಿಸಲು ಕೇಳಿಕೊಳ್ಳಿ, ಮಕ್ಕಳು ನೋಡಿ ಚಿತ್ರ ಬರೆಯಲಿ.

ಬಣ್ಣಕ್ಕೆ ಜಾಜು, ಕೆಮ್ಮಣ್ಣು, ಅರಿಶಿನ, ಇದ್ದಿಲ ಪುಡಿ ಸಾಕು, ಅದೇ ಗೋಂದಿನಲ್ಲಿ ಕಲಸಿ ಬಳಿಯಬಹುದು. ಅರಿಶಿನ ಬಿಸಿಲಿಗೆ ಮಾಸುತ್ತದೆ ಎಂದು ಮಕ್ಕಳಿಗೆ ಮೊದಲೇ ಹೇಳಿ. ಸುಣ್ಣ ಕೈ, ಕಣ್ಣು ಸುಡುವುದರಿಂದ ಅದನ್ನು ಮಕ್ಕಳ ಕೈಗೆ ಕೊಡಬೇಡಿ. ಎನಾಮಲ್ ಪೇಂಟು, ವಾರ್ನಿಷ್, ಮಿನುಗು ಪುಡಿ ಹಚ್ಚಿದ ಗಳಿಗೆಯಲ್ಲೇ ಈ ವಸ್ತು ಮತ್ತೆ ಮಣ್ಣಿಗೆ ಹೋಗುವ ದಾರಿ ಮುಚ್ಚುತ್ತದೆ. ಹಾಗೆಂದು ಇದರ ಮಿತಿಯನ್ನೂ ಮುಚ್ಚಿಡಬಾರದು. ಈ ಬಟ್ಟಲಿಗೆ ನೀರು ಹಾಕುವಂತಿಲ್ಲ, ತಿನ್ನುವ ಪದಾರ್ಥ ಇಡುವಂತಿಲ್ಲ. ಚಾಕ್‌ಪೀಸು, ಪೆನ್ಸಿಲು, ಗುಂಡಿ, ಚೌಕಾಬಾರದ ಹುಣಸೆ ಬೀಜ ಇಂಥವಕ್ಕೆ ಮಾತ್ರ ಲಾಯಕ್ಕು.

ಈಗ ನನ್ನ ಕೋರಿಕೆಗಳು.

ಡೈರಿಯಲ್ಲಿ ‘ಕಸದಿಂದ ರಸ’ದ ಆ ಸಾಲು ಬರೆಯುವುದನ್ನು ಈ ವರ್ಷದಿಂದ ನಿಲ್ಲಿಸಿ. ಕೆಲಸ ಪೂರ್ತಿ ಶಾಲೆಯಲ್ಲೇ, ಮಕ್ಕಳ ಕೈಯಲ್ಲೇ ಆಗಲಿ. ಮನೆಯಿಂದ ತರುವುದಿದ್ದರೆ ಒಂದು ಹಿಡಿ ಹುಣಸೆ ಬೀಜ, ಒಂದು ಚಿಪ್ಪು ಅಷ್ಟೇ. ಬ್ಯಾಗಿಲ್ಲದ ಸಂಭ್ರಮ ಶನಿವಾರವನ್ನು ತಿರುಳು ಕಲಸಿ ಅಚ್ಚಿಗೆ ಒತ್ತಲು ಇಟ್ಟುಕೊಳ್ಳಿ, ಒಣಗಿಸುವುದು, ತೂಗುವುದು ಮುಂದಿನ ವಾರದಲ್ಲಿ ದಿನಕ್ಕೆ ಐದು ನಿಮಿಷದ ಕೆಲಸ. ಮೊದಲನೇ, ಎರಡನೇ ಬಹುಮಾನ ಬೇಡ. ಹದಿನೈದು ದಿನ ಬಳಸಿದ ಮೇಲೆ ಯಾವುದು ಇನ್ನೂ ನಿಂತಿದೆ, ಯಾವುದು ಮುರಿಯಿತು, ಯಾಕೆ ಎಂದು ಮಕ್ಕಳಿಂದಲೇ ಹೇಳಿಸಿ.

ಬಿಸಿಯೂಟದ ಅಡುಗೆಯ ಅಕ್ಕಂದಿರಿಗೆ ನೀವು ಒಂದು ಮಾತು ಹೇಳಬೇಕು: ಚೊಕ್ಕಟ ಟ್ರೇಗಳನ್ನು ಬೇರೆಯಾಗಿ, ಒದ್ದೆಯಾಗದ ಕಡೆ ಇಡಲಿ. ಎಸ್‌ಡಿಎಂಸಿಯ ಸದಸ್ಯರಲ್ಲಿ ನನ್ನ ಪ್ರಾರ್ಥನೆ, ಒಂದು ಹಳೆಯ ಕುದಿಸುವ ಪಾತ್ರೆ, ಎರಡು ಬಕೆಟ್ಟು, ಒಂದು ಚಿಕ್ಕ ತಕ್ಕಡಿ ಕೊಡಿಸಿ. ಇನ್ನೇನೂ ಖರ್ಚಿಲ್ಲ. ಕ್ಲಸ್ಟರ್ ಸಿಆರ್‌ಪಿಗಳು ಡಿಸೆಂಬರಿನ ಸಮಾಲೋಚನಾ ಸಭೆಯಲ್ಲಿ ಒಂದು ಗಂಟೆ ಬಿಡುವು ಮಾಡಿಕೊಟ್ಟರೆ ತಿರುಳು ಕಲಸಿ, ಚಿಪ್ಪಿಗೆ ಒತ್ತಿ ತೋರಿಸಲು ನಾನು ಬರುತ್ತೇನೆ. ಹಿಂದಿನ ದಿನ ಕುದಿಸಿ ರಾತ್ರಿಯಿಡೀ ನೆನೆಯಲು ಬಿಟ್ಟ ನಾಲ್ಕು ಟ್ರೇ ನೀವು ಸಿದ್ಧವಿಟ್ಟಿದ್ದರೆ ಸಾಕು, ಗೋಂದು ನಾನೇ ಕಾಯಿಸಿ ತರುತ್ತೇನೆ.



ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಚಿತ್ರಕಲಾ ಶಿಕ್ಷಕ,
ಹುಲಿಯೂರುದುರ್ಗ, ಕುಣಿಗಲ್ ತಾಲ್ಲೂಕು